ಬೀಗ ಹಾಕಿದ ಫೈಲ್‌ನಲ್ಲೂ ಜೇಬು ಕಾಣಿಸಿತು: ಮೂರು ಸಂಜೆಯ ರಿಪೇರಿ

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಮ್ಮ ಮಾವನದೊಂದು ಸಣ್ಣ ಜೀನ್ಸ್ ಹೊಲಿಯುವ ಯೂನಿಟ್ ಇದೆ. ಹದಿನಾಲ್ಕು ಮಷಿನ್, ಒಬ್ಬ ಕಟಿಂಗ್ ಮಾಸ್ಟರ್. ಪ್ಯಾಂಟು ಎಲ್ಲರದೂ ಹೆಚ್ಚುಕಡಿಮೆ ಒಂದೇ ಥರ, ಗಿರಾಕಿ ನೋಡುವುದು ಹಿಂದಿನ ಜೇಬಿನ ಮೇಲಿನ ಹೊಲಿಗೆಯನ್ನು. ಹೊಸ ಡಿಸೈನ್ ಒಂದು ಹೊರಗೆ ಬಿದ್ದರೆ ವಾರದೊಳಗೆ ಪಕ್ಕದ ಬೀದಿಯಲ್ಲಿ ಅದೇ ಜೇಬು ತೂಗಾಡುತ್ತಿರುತ್ತದೆ. ಹಾಗಾಗಿ ಹೋದ ವರ್ಷ ಮಾವನಿಗೆ ಒಂದು ಟ್ಯಾಬ್ಲೆಟ್ ಆ್ಯಪ್ ಬರೆದುಕೊಟ್ಟಿದ್ದೆ. ಜೇಬಿನ ಡಿಸೈನ್ ಬೆರಳಲ್ಲೇ ಬರೆಯಬಹುದು, ಎನ್‌ಕ್ರಿಪ್ಟ್ ಆಗಿ ಉಳಿಯುತ್ತದೆ, ಪೆನ್‌ಡ್ರೈವ್‌ನಲ್ಲಿ ಎಂಬ್ರಾಯ್ಡರಿಯವರ ಹತ್ತಿರ ಹೋಗುತ್ತದೆ, ಅಲ್ಲಿ ಪಾಸ್‌ವರ್ಡ್ ಹಾಕಿದರೆ ಮಾತ್ರ ತೆರೆಯುತ್ತದೆ. ಹಾಗಂತ ನಾನೂ ನಂಬಿದ್ದೆ, ಮಾವನೂ ನಂಬಿದ್ದರು.

ಸಾಮಾನು: ಲಿನಕ್ಸ್ ಇರುವ ಹಳೇ ಲ್ಯಾಪ್‌ಟಾಪ್, ಅದರಲ್ಲಿ ಮೊದಲೇ ಇದ್ದ ಓಪನ್‌ಎಸ್‌ಎಸ್‌ಎಲ್, ಪೈಥಾನ್. ಖರ್ಚು: ಹೊಸ ಪೆನ್‌ಡ್ರೈವ್ 350 ರೂಪಾಯಿ, ಮಾವನಿಗೆ ತೋರಿಸಲು ಆರು ಪ್ರಿಂಟ್ 30 ರೂಪಾಯಿ. ಸಮಯ ಮೂರು ಸಂಜೆ, ಅದರಲ್ಲಿ ಒಂದೂವರೆ ಸಂಜೆ ನನ್ನದೇ ತಪ್ಪಿಗೆ ಹೋಯಿತು.

ಶುಕ್ರವಾರ ಸಂಜೆ: ಸಿಕ್ಕಿಬಿದ್ದದ್ದು

ಫೈಲ್ ತೆರೆಯದೆಯೇ ಸಣ್ಣ ಚಿತ್ರ ಕಾಣುವ ಹಾಗೆ ಪ್ರಿವ್ಯೂ ಬೇಕು ಎಂದು ಮಾವ ಕೇಳಿದ್ದರು. ಬರೆದೆ. ಬರೆಯುವಾಗ ಡಿಕ್ರಿಪ್ಟ್ ಮಾಡುವ ಸಾಲನ್ನೇ ಮರೆತೆ. ಅಂದರೆ ಬೀಗ ಹಾಕಿದ ಬೈಟ್‌ಗಳೇ ನೇರವಾಗಿ ಪಿಕ್ಸೆಲ್ ಆಗಿ ಪರದೆಗೆ ಬಂದವು. ಇಂಥ ತಪ್ಪಾದರೆ ಹಳೇ ಟಿವಿಯಲ್ಲಿ ಆಂಟೆನಾ ಬಿದ್ದಾಗ ಬರುತ್ತಿತ್ತಲ್ಲ, ಆ ಥರ ಚುಕ್ಕೆ ಚುಕ್ಕೆ ಕಾಣಬೇಕು. ಇಲ್ಲಿ ಉದ್ದುದ್ದ ಪಟ್ಟೆ ಕಂಡಿತು, ಪಟ್ಟೆಯ ನಡುವೆ ಅಚ್ಚುಕಟ್ಟಾಗಿ ಒಂದು ಜೇಬು. ಎರಡು ಕಮಾನು ಹೊಲಿಗೆ ಸಮೇತ.

ಮಾವ ಪಕ್ಕದಲ್ಲೇ ಕೂತಿದ್ದರು. "ಬಣ್ಣ ಕೆಟ್ಟೈತೆ, ಆದ್ರೆ ಚೆನ್ನಾಗಿ ಕಾಣ್ತೈತಲ್ಲಪ್ಪ" ಅಂದರು. ಅದು ಬೀಗ ಹಾಕಿದ ಫೈಲ್ ಎಂದು ಹೇಳುವ ಧೈರ್ಯ ಆಗ ಬರಲಿಲ್ಲ. ರಾತ್ರಿ ಹೇಳಿದೆ.

ಮೊದಲು ಎನ್‌ಕ್ರಿಪ್ಷನ್ ನಡೆದೇ ಇಲ್ಲವೇನೋ ಅಂದುಕೊಂಡೆ. ನಡೆದಿತ್ತು. ಬೈಟ್ ನೋಡಿದರೆ ಎಲ್ಲವೂ ಬದಲಾಗಿವೆ, ಪಾಸ್‌ವರ್ಡ್ ತಪ್ಪಿದರೆ ತೆರೆಯುವುದಿಲ್ಲ. ಕೋಡ್‌ನಲ್ಲಿ ಇದ್ದದ್ದು ಈ ಸಾಲು:

```java
Cipher c = Cipher.getInstance("AES");
```

ಬರೀ `AES` ಎಂದು ಬರೆದರೆ ಜಾವಾ ಅದನ್ನು `AES/ECB/PKCS5Padding` ಎಂದು ಓದಿಕೊಳ್ಳುತ್ತದೆ. ಕೇಳುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಎಇಎಸ್ ಅನ್ನುವುದು ಬೀಗ ಹಾಕುವ ಲೆಕ್ಕ, ಇಸಿಬಿ ಅನ್ನುವುದು ಅದನ್ನು ಚೂರು ಚೂರಾಗಿ ಓಡಿಸುವ ಒಂದು ವಿಧಾನ. ನಾನು ಇಸಿಬಿ ಆರಿಸಿಕೊಂಡವನಲ್ಲ, ಏನನ್ನೂ ಆರಿಸಲಿಲ್ಲ ಅಷ್ಟೆ.

ಶನಿವಾರ ಸಂಜೆ, 1: ಮೇಜಿನ ಮೇಲೆ ಬಿಚ್ಚಿದ್ದು

ಆ್ಯಪ್ ಬದಿಗಿಟ್ಟು ಅದೇ ಕೆಲಸವನ್ನು ಲ್ಯಾಪ್‌ಟಾಪ್‌ನಲ್ಲಿ ಕೈಯಾರೆ ಮಾಡಿ ನೋಡಿದೆ. ನಮ್ಮ ಡಿಸೈನ್ ಫೈಲ್‌ನ ರೂಪ ಸರಳ. ಮೊದಲ 8 ಬೈಟ್‌ನಲ್ಲಿ ಅಗಲ ಮತ್ತು ಎತ್ತರ, ಆಮೇಲೆ ಪ್ರತಿ ಪಿಕ್ಸೆಲ್‌ಗೆ ಒಂದು ಬೈಟ್. 255 ಅಂದರೆ ಬಿಳಿ, 0 ಅಂದರೆ ಕಪ್ಪು, ನಡುವಿನ ಬೂದು ಇಲ್ಲವೇ ಇಲ್ಲ. ಅಗಲ 640, ಎತ್ತರ 480, ಒಟ್ಟು 3,07,200 ಬೈಟ್. ಬೀಗ ಬೀಳುವುದು ಪಿಕ್ಸೆಲ್‌ಗಳಿಗೆ ಮಾತ್ರ.

ಎಇಎಸ್ ಒಂದು ಸಲಕ್ಕೆ 16 ಬೈಟ್ ತಿನ್ನುತ್ತದೆ. ಹಾಗಾದರೆ ಈ ಚಿತ್ರ 19,200 ಬ್ಲಾಕ್. ಒಂದು ಸಾಲಿಗೆ ಸರಿಯಾಗಿ 40. ಈ 40 ಅನ್ನುವುದು ಮುಂದೆ ಬೇಕಾಗುತ್ತದೆ.

ನೀವೂ ಮಾಡಿ ನೋಡಬೇಕು ಎಂದರೆ ನನ್ನ ನಿಜವಾದ ಕೀ ಬೇಡ. ಪೂರ್ತಿ ಸೊನ್ನೆಯ ಕೀ ಇಟ್ಟುಕೊಂಡೆ, ಪರೀಕ್ಷೆಗೆ ಮಾತ್ರ:

```
printf 'P5\n640 480\n255\n' > h
tail -c +9 pocket.dat > b
K=00000000000000000000000000000000
openssl enc -aes-128-ecb -nopad -K $K -in b -out b.ecb
cat h b.ecb > ecb.pgm
```

`h` ಅನ್ನುವುದು ಪಿಜಿಎಂ ಚಿತ್ರದ ತಲೆ. ಅದನ್ನು ಬೀಗ ಹಾಕದ ಹಾಗೇ ಮುಂದೆ ಅಂಟಿಸಿದರೆ ಯಾವ ಚಿತ್ರ ನೋಡುವ ಪ್ರೋಗ್ರಾಂ ಬೇಕಾದರೂ ಬೀಗ ಹಾಕಿದ ಬೈಟ್‌ಗಳನ್ನು ಚಿತ್ರ ಎಂದು ತೋರಿಸುತ್ತದೆ. ನಾನು ಮೊದಲ ಸಲ `+9` ಬದಲು `+8` ಹಾಕಿದ್ದೆ. ಒಂದು ಬೈಟ್ ಹೆಚ್ಚಾಗಿ ಬಂದು ಲೆಕ್ಕ 3,07,201 ಆಯಿತು. ಅದು 16ರಿಂದ ಭಾಗವಾಗುವುದಿಲ್ಲ, ಕೊನೆಯ ಬ್ಲಾಕ್ ಅರ್ಧಂಬರ್ಧ ಎಂದು ಓಪನ್‌ಎಸ್‌ಎಸ್‌ಎಲ್ ಬೈದಿತು. ಬೈದಿದ್ದು ಒಳ್ಳೆಯದೇ ಆಯಿತು. `-nopad` ಇಲ್ಲದಿದ್ದರೆ ತಾನೇ ತುಂಬಿಸಿಕೊಂಡು ಸುಮ್ಮನಿರುತ್ತಿತ್ತು, ನಾನು ಒಂದು ಪಿಕ್ಸೆಲ್ ಸರಿದ ಚಿತ್ರ ಇಟ್ಟುಕೊಂಡು ಲೆಕ್ಕ ಹಾಕುತ್ತಾ ಕೂರುತ್ತಿದ್ದೆ.

ಇನ್ನೊಂದು ಮಾತು. ಹಳೇ ಡಿಸೈನ್‌ಗಳನ್ನು ಪಿಎನ್‌ಜಿ ಮಾಡಿ ಇಡೀ ಫೈಲ್‌ಗೆ ಬೀಗ ಹಾಕುತ್ತಿದ್ದೆ. ಅದನ್ನು ತೆರೆಯಲು ಹೋದರೆ ಚಿತ್ರವೇ ಅಲ್ಲ ಎನ್ನುತ್ತಿತ್ತು, ಅದಕ್ಕೆ ಭದ್ರ ಇದೆ ಅಂದುಕೊಂಡಿದ್ದೆ. ಭದ್ರತೆ ಅಲ್ಲ ಅದು. ಪಿಎನ್‌ಜಿ ಒಂದೇ ಥರದ ಬಿಳಿಯನ್ನೆಲ್ಲ ಮೊದಲೇ ಹಿಂಡಿ ಚಿಕ್ಕದು ಮಾಡಿರುತ್ತದೆ, ಮತ್ತೆ ಮತ್ತೆ ಬರುವ ಬ್ಲಾಕ್ ಉಳಿದೇ ಇರುವುದಿಲ್ಲ. ಟ್ಯಾಬ್ಲೆಟ್ ನಿಧಾನ ಆಯಿತು ಎಂದು ಹಿಂಡುವುದನ್ನು ಬಿಟ್ಟು ನೇರ ಪಿಕ್ಸೆಲ್‌ಗೆ ಬಂದಿದ್ದೆ. ತೂತು ಮೊದಲಿಂದಲೂ ಇತ್ತು, ಕಣ್ಣಿಗೆ ಬಿದ್ದದ್ದು ಆಮೇಲೆ.

ಶನಿವಾರ ಸಂಜೆ, 2: ಪಟ್ಟೆ ಎಲ್ಲಿಂದ ಬಂತು

ಬಿಳಿ ಜಾಗದ ಒಂದು ಬ್ಲಾಕ್ ಅಂದರೆ ಹದಿನಾರು `ff`. ಸೊನ್ನೆ ಕೀಯಲ್ಲಿ ಅದಕ್ಕೆ ಸಿಗುವ ಉತ್ತರ:

```
3f5b8cc9ea855a0afa7347d23e8d664e
```

ಇದನ್ನು ಪಿಕ್ಸೆಲ್ ಎಂದು ಓದಿ ನೋಡಿ. `3f` ಅಂದರೆ 63, ಕಡುಬೂದು. ಆಮೇಲೆ 91, 140, 201, 234, ಹೀಗೆ ಬೆಳ್ಳಗಾಗುತ್ತಾ ಹೋಗಿ ಮತ್ತೆ ಇಳಿಯುತ್ತದೆ. ಎಂಟನೆಯದು `0a`, ಅಂದರೆ 10, ಕಪ್ಪು ಎಂದೇ ಹೇಳಬಹುದು. ಅದರ ಪಕ್ಕದ್ದು `fa`, ಅಂದರೆ 250, ಹೆಚ್ಚುಕಡಿಮೆ ಬಿಳಿ. ಹದಿನಾರು ಪಿಕ್ಸೆಲ್‌ನ ಈ ಚೂರು, ಸಾಬೂನಿನ ಹಿಂದಿರುವ ಬಾರ್‌ಕೋಡ್ ಇದ್ದ ಹಾಗೆ. ಪಕ್ಕದ ಬ್ಲಾಕೂ ಬಿಳಿಯೇ ಆದರೆ ಅದೇ ಬಾರ್‌ಕೋಡ್. ಕೆಳಗಿನ ಸಾಲಿನಲ್ಲೂ ಅದೇ. ಸಾಲಿಗೆ ಸರಿಯಾಗಿ 40 ಬ್ಲಾಕ್ ಇರುವುದರಿಂದ ಕೆಳಗಿನದು ಮೇಲಿನದರ ನೇರಕ್ಕೆ ಕೂರುತ್ತದೆ, ಹಾಗಾಗಿ ಚುಕ್ಕೆಗಳೆಲ್ಲ ಸೇರಿ ಮೇಲಿಂದ ಕೆಳಗೆ ಪಟ್ಟೆ ಆಗಿಬಿಡುತ್ತವೆ. ಶುಕ್ರವಾರ ಕಂಡ ಪಟ್ಟೆ ಇದೇ. ಅಂದು ಇದ್ದದ್ದು ಬೇರೆ ಕೀ, ಹಾಗಾಗಿ ಬೇರೆ ಬೂದು. ಪಟ್ಟೆ ಮಾತ್ರ ಪಟ್ಟೆಯೇ.

ಪೂರ್ತಿ ಕಪ್ಪು ಬ್ಲಾಕ್‌ಗೆ ಸಿಗುವುದು `66e94bd4ef8a2c3b884cfa59ca342b2e`. ಇದಕ್ಕೂ ಬಿಳಿಯ ಉತ್ತರಕ್ಕೂ ಯಾವ ಸಂಬಂಧವೂ ಕಾಣುವುದಿಲ್ಲ. ಅಂದರೆ ಎಇಎಸ್ ತನ್ನ ಕೆಲಸ ಸರಿಯಾಗೇ ಮಾಡಿದೆ. ಕೀ ಗೊತ್ತಿಲ್ಲದವರಿಗೆ ಯಾವುದು ಬಿಳಿ, ಯಾವುದು ಕಪ್ಪು ಹೇಳಲು ಬರುವುದಿಲ್ಲ. ಆದರೆ ಯಾವುದು ಯಾವುದರ ಹಾಗೇ ಇದೆ ಎಂದು ಹೇಳಲು ಬರುತ್ತದೆ. ಚಿತ್ರ ಗುರುತಿಸಲು ಕಣ್ಣಿಗೆ ಅಷ್ಟೇ ಸಾಕು. ನೀಲಿ ಪ್ಯಾಂಟಿನ ಮೇಲೆ ಹಳದಿ ದಾರ ಹಾಕಿದರೂ ಕೆಂಪು ದಾರ ಹಾಕಿದರೂ ಜೇಬು ಜೇಬೇ ಅಲ್ವಾ.

ಕಣ್ಣಿನ ಮಾತು ಬಿಟ್ಟು ಎಣಿಸಿ ನೋಡೋಣ ಎಂದು ಇದನ್ನು ಓಡಿಸಿದೆ:

```
xxd -p -c 16 b.ecb | sort | uniq -c | sort -rn | head -4
```

ಮೊದಲನೆಯದು ಬಿಳಿ ಬ್ಲಾಕ್, 17,762 ಸಲ. ಆಮೇಲೆ ಎರಡು ಬೇರೆ ಬೇರೆ ಬ್ಲಾಕ್, ಎರಡೂ 232 ಸಲ. ನಾಲ್ಕನೆಯದು ಪೂರ್ತಿ ಕಪ್ಪು, 192 ಸಲ.

ಈ 232 ನೋಡಿ ನನಗೆ ತಲೆ ಕೆರೆದುಕೊಳ್ಳುವ ಹಾಗಾಯಿತು, ಹತ್ತು ನಿಮಿಷ ಬೇಕಾಯಿತು. ಆಮೇಲೆ ಡಿಸೈನ್‌ನ ಅಳತೆ ನೋಡಿದರೆ ಸರಿಯಾಗಿ ಕೂತಿತು. ಜೇಬಿನ ಎಡ ಅಂಚು 4 ಪಿಕ್ಸೆಲ್ ದಪ್ಪದ ನೆಟ್ಟಗಿನ ಗೆರೆ, 120ನೇ ಕಾಲಂನಿಂದ ಶುರು. ಆ ಗೆರೆ ಬೀಳುವ ಬ್ಲಾಕ್ 112ರಿಂದ 127ರವರೆಗಿನದು, ಅದರಲ್ಲಿ ಎಂಟು ಬಿಳಿ, ನಾಲ್ಕು ಕಪ್ಪು, ನಾಲ್ಕು ಬಿಳಿ. ಅಂಚಿನ ಎತ್ತರ 240 ಸಾಲು. ಬಾಯಿಯ ಎರಡು ಅಡ್ಡ ಹೊಲಿಗೆ ಹಾದುಹೋಗುವ 8 ಸಾಲು ಕಳೆದರೆ 232. ಅಷ್ಟೂ ಸಾಲಿನಲ್ಲಿ ಅದೇ ಬ್ಲಾಕ್. ಬಲ ಅಂಚಿನದೂ ಅದೇ ಕಥೆ, ಬಿಳಿ ಮಾತ್ರ ಆಚೀಚೆ. ಇನ್ನು 192 ಅಂದರೆ ಆ ಅಡ್ಡ ಹೊಲಿಗೆಗಳೇ: ಎರಡು ಗೆರೆ, ತಲಾ 4 ಸಾಲು, ಸಾಲಿಗೆ 24 ಪೂರ್ತಿ ಕಪ್ಪು ಬ್ಲಾಕ್.

ಅಂದರೆ ಚಿತ್ರವಾಗಿ ನೋಡದೆ ಬರೀ ಎಣಿಕೆಯಿಂದಲೇ ಜೇಬಿನ ಉದ್ದ ಅಗಲ ಅಂದಾಜು ಮಾಡಬಹುದು. ಇದು ನನಗೆ ಗೊತ್ತಿರಲಿಲ್ಲ.

ಬೇರೆ ಬೇರೆ ಬ್ಲಾಕ್ ಎಷ್ಟು ಎಂದು ಎಣಿಸಿದರೆ 312. ಬೀಗ ಹಾಕುವ ಮುಂಚಿನ ಫೈಲ್‌ನಲ್ಲೂ ಎಣಿಸಿದೆ, 312. ಇಸಿಬಿ ಅಂದರೆ ಒಂದು ನಿಘಂಟು. ಈ ಹದಿನಾರಕ್ಕೆ ಆ ಹದಿನಾರು, ಪುಸ್ತಕದ ಯಾವ ಪುಟದಲ್ಲಿ ಬಂದರೂ. ಹೆಸರೇ ಎಲೆಕ್ಟ್ರಾನಿಕ್ ಕೋಡ್‌ಬುಕ್.

ಶನಿವಾರ ಸಂಜೆ, 3: ಕೆಲಸಕ್ಕೆ ಬಾರದ ಪ್ರಯತ್ನ

ಇಲ್ಲಿ ನನಗೊಂದು ಬುದ್ಧಿ ಹೊಳೆಯಿತು. ಪ್ರತಿ ಫೈಲ್‌ಗೂ ಬೇರೆ ಕೀ ಬಂದರೆ ಸರಿಹೋಗುತ್ತದಲ್ಲ? ಓಪನ್‌ಎಸ್‌ಎಸ್‌ಎಲ್‌ಗೆ ಕೀ ಬದಲು ಪಾಸ್‌ವರ್ಡ್ ಕೊಟ್ಟರೆ ಅದು ಪ್ರತಿ ಸಲ ಸಾಲ್ಟ್ ಎಂಬ ಯಾದೃಚ್ಛಿಕ ಬೈಟ್‌ಗಳನ್ನು ಹೊಸದಾಗಿ ಸೇರಿಸಿ ಹೊಸ ಕೀ ಮಾಡಿಕೊಳ್ಳುತ್ತದೆ.

```
openssl enc -aes-128-ecb -pbkdf2 -pass pass:gudda -in b -out b.pw
```

ಎರಡು ಸಲ ಓಡಿಸಿ `cmp` ಮಾಡಿದೆ. ಎರಡು ಫೈಲ್ ಪೂರ್ತಿ ಬೇರೆ ಬೇರೆ! ಖುಷಿಯಾಗಿ ಮಾವನಿಗೆ ಫೋನ್ ಮಾಡಿ "ಸರಿಯಾಯ್ತು ಮಾವ" ಎಂದೂ ಹೇಳಿಬಿಟ್ಟೆ. ಆಮೇಲೆ ತಲೆ ಅಂಟಿಸಿ ಚಿತ್ರ ತೆರೆದರೆ ಜೇಬು ನಗುತ್ತಾ ನಿಂತಿದೆ. ಪಟ್ಟೆಯ ಬಣ್ಣ ಬೇರೆ, ಜೇಬು ಅದೇ. ಮೇಲಾಗಿ 16 ಪಿಕ್ಸೆಲ್ ಬಲಕ್ಕೆ ಸರಿದಿದೆ, ಯಾಕೆಂದರೆ ಫೈಲ್‌ನ ಮುಂದೆ `Salted__` ಎಂಬ 8 ಅಕ್ಷರ ಮತ್ತು 8 ಬೈಟ್ ಸಾಲ್ಟ್ ಸೇರಿಕೊಂಡಿವೆ.

ತಪ್ಪು ಎಲ್ಲಿ ಎಂದರೆ ನಾನು ಹೋಲಿಸಿದ್ದು ಫೈಲ್ ಫೈಲ್ ನಡುವೆ. ಸೋರಿಕೆ ಇರುವುದು ಒಂದೇ ಫೈಲ್‌ನ ಒಳಗೆ, ಬ್ಲಾಕ್ ಬ್ಲಾಕ್ ನಡುವೆ. ನಿಘಂಟು ಬದಲಿಸಿದರೆ ಏನು ಬಂತು, ಆ ಫೈಲ್ ಪೂರ್ತಿ ಒಂದೇ ನಿಘಂಟು. 128 ಬಿಟ್ ಕೀ ಬದಲು 256 ಬಿಟ್ ಹಾಕಿದರೂ ಇದೇ ಗತಿ, ಅದನ್ನೂ ಮಾಡಿ ನೋಡಿದೆ.

ನಡುವೆ ಇನ್ನೊಂದು ಆಟ. ಫೋನ್‌ನಲ್ಲಿದ್ದ ಬಳ್ಳಾರಿ ಗುಡ್ಡದ ಎರಡು ಫೋಟೋಗಳನ್ನು ಕಪ್ಪುಬಿಳುಪು ಮಾಡಿ ಇಸಿಬಿಯಲ್ಲಿ ಹಾಕಿದೆ. ಸಂಜೆ ತೆಗೆದದ್ದರಲ್ಲಿ ಏನೂ ಕಾಣಲಿಲ್ಲ. ಕ್ಯಾಮರಾದ ನಾಯ್ಸ್‌ನಿಂದ ಪಕ್ಕಪಕ್ಕದ ಪಿಕ್ಸೆಲ್ ಒಂದೆರಡು ಅಂಕಿ ಆಚೀಚೆ ಇರುತ್ತವೆ, ಹದಿನಾರೂ ಹಾಗ್ಹಾಗೇ ಇನ್ನೊಂದು ಕಡೆ ಸಿಗುವುದು ಅಪರೂಪ. ಆದರೆ ಮಟಮಟ ಮಧ್ಯಾಹ್ನ ತೆಗೆದದ್ದರಲ್ಲಿ ಆಕಾಶ ಸುಟ್ಟು ಬೆಳ್ಳಗಾಗಿತ್ತು, ಎಲ್ಲ 255. ಆ ಆಕಾಶ ಪಟ್ಟೆಯಾಗಿ, ಅದರ ಕೆಳಗೆ ಗುಡ್ಡದ ನೆತ್ತಿಯ ಅಂಚು ಬಂತು. ಬಂಡೆಗಳ ಒಳಗಿನದೇನೂ ಇಲ್ಲ, ಅಂಚು ಮಾತ್ರ. ಹಾಗಾಗಿ ಒಂದು ಫೋಟೋ ಹಾಕಿ ನೋಡಿ "ನನ್ನ ಇಸಿಬಿಯಲ್ಲಿ ಏನೂ ಕಾಣಲ್ಲ" ಎಂದು ಸಮಾಧಾನ ಪಡಬೇಡಿ. ಗೆರೆ ಚಿತ್ರ, ಲೋಗೋ, ಸ್ಕ್ರೀನ್‌ಶಾಟ್, ಸ್ಕ್ಯಾನ್ ಮಾಡಿ ಕಪ್ಪುಬಿಳುಪು ಮಾಡಿದ ಕಾಗದ, ಇವೇ ಸಿಕ್ಕಿಬೀಳುವುದು.

ನನ್ನೊಬ್ಬನದೇ ದಡ್ಡತನ ಅಲ್ಲ ಅನ್ನುವುದಕ್ಕೆ ಒಂದು ಮಾತು: 2020ರ ಏಪ್ರಿಲ್‌ನಲ್ಲಿ ಟೊರಾಂಟೊದ ಸಿಟಿಜನ್ ಲ್ಯಾಬ್‌ನವರು ಬಿಚ್ಚಿ ನೋಡಿದಾಗ ಝೂಮ್ ಮೀಟಿಂಗ್‌ಗಳ ವಿಡಿಯೊ ಕೂಡ ಎಇಎಸ್-128 ಇಸಿಬಿಯಲ್ಲೇ ಹೋಗುತ್ತಿತ್ತು. ಆಮೇಲೆ ಝೂಮ್‌ನವರು ಜಿಸಿಎಂ ಎಂಬ ಬೇರೆ ವಿಧಾನಕ್ಕೆ ಬದಲಾದರು.

ಭಾನುವಾರ ಬೆಳಗ್ಗೆ: ಸಿಬಿಸಿ

ಇಸಿಬಿ ಬಿಟ್ಟು ಸಿಬಿಸಿ ಎಂಬ ಇನ್ನೊಂದು ವಿಧಾನ ಹಿಡಿದೆ. ಇದರಲ್ಲಿ ಪ್ರತಿ ಬ್ಲಾಕೂ ಹಿಂದಿನ ಬ್ಲಾಕ್‌ನ ಉತ್ತರದ ಜೊತೆ ಸರಪಳಿಯಾಗಿ ಸೇರುತ್ತದೆ. ಮೊದಲ ಬ್ಲಾಕ್‌ಗೆ ಹಿಂದಿನದು ಇಲ್ಲವಲ್ಲ, ಅದಕ್ಕೆ ಐವಿ ಎಂಬ 16 ಬೈಟ್ ಕೊಡಬೇಕು.

```
IV=$(openssl rand -hex 16)
openssl enc -aes-128-cbc -nopad -K $K -iv $IV -in b -out b.cbc
cat h b.cbc > cbc.pgm
```

ತೆರೆದರೆ ಬರೀ ಚುಕ್ಕೆ. ಬೇರೆ ಬೇರೆ ಬ್ಲಾಕ್ ಎಣಿಸಿದೆ: 19,200ಕ್ಕೆ 19,200. ಒಂದೂ ಎರಡನೇ ಸಲ ಬಂದಿಲ್ಲ.

ಯಾಕೆ ಎಂದು ಮೊದಲ ಎರಡು ಬ್ಲಾಕ್ ಹಿಡಿದು ನೋಡಿದೆ. ಲೆಕ್ಕ ಸುಲಭವಾಗಲಿ ಎಂದು ಐವಿಯನ್ನೂ ಸೊನ್ನೆ ಇಟ್ಟೆ, ನೋಡುವುದಕ್ಕೆ ಮಾತ್ರ. ಮೊದಲ ಬಿಳಿ ಬ್ಲಾಕ್ ಐವಿ ಜೊತೆ ಎಕ್ಸಾರ್ ಆಗಿ ಒಳಗೆ ಹೋಗುತ್ತದೆ. ಎಕ್ಸಾರ್ ಅಂದರೆ ಎರಡನ್ನೂ ಬಿಟ್‌ಗೆ ಬಿಟ್ ಹೋಲಿಸಿ, ಬೇರೆ ಇದ್ದರೆ 1, ಒಂದೇ ಇದ್ದರೆ 0. ಐವಿ ಸೊನ್ನೆ, ಹಾಗಾಗಿ ಬದಲಾವಣೆ ಇಲ್ಲ, ಹಳೇ `3f5b8cc9...` ಹೊರಬರುತ್ತದೆ. ಎರಡನೇ ಬ್ಲಾಕೂ ಬಿಳಿಯೇ. ಆದರೆ ಅದು ನೇರ ಒಳಗೆ ಹೋಗುವುದಿಲ್ಲ, ಮೊದಲು ಈಗ ಹೊರಬಂದ `3f5b8cc9...` ಜೊತೆ ಎಕ್ಸಾರ್ ಆಗುತ್ತದೆ. `ff`ಗೆ `3f` ಸೇರಿದರೆ `c0`, `5b` ಸೇರಿದರೆ `a4`, ಹೀಗೆ `c0a47336...` ಆಗಿ ಒಳಗೆ ಹೋಗುತ್ತದೆ. ಅದು ಬಿಳಿಯೇ ಅಲ್ಲ ಈಗ. ಹೊರಬರುವುದು ಇನ್ನೇನೋ. ಮೂರನೆಯದು ಆ ಇನ್ನೇನೋ ಜೊತೆ ಸೇರಿ ಒಳಗೆ ಹೋಗುತ್ತದೆ. 17,762 ಬಿಳಿ ಬ್ಲಾಕ್‌ಗಳೂ ಒಳಗೆ ಹೋಗುವ ಮುಂಚೆ ಒಂದೊಂದು ವೇಷ ಹಾಕಿಕೊಂಡಿರುತ್ತವೆ, ಆ ವೇಷ ಕೊಡುವುದು ಹಿಂದಿನ ಬ್ಲಾಕ್‌ನ ಉತ್ತರ.

ಈಗ ಇದನ್ನು ಆ್ಯಪ್‌ಗೆ ಹಾಕಿದೆ. ಇಲ್ಲೇ ನನ್ನ ದೊಡ್ಡ ತಪ್ಪು. ಐವಿಯನ್ನು ಪ್ರತಿ ಸಲ ಹೊಸದಾಗಿ ಮಾಡಿದೆ ಸರಿ, ಫೈಲ್‌ನಲ್ಲಿ ಉಳಿಸುವುದನ್ನು ಮರೆತೆ. ತೆರೆಯುವಾಗ ಯಾವ ಐವಿ ಎಂದೇ ಗೊತ್ತಿಲ್ಲ. ಮೊದಲ 16 ಪಿಕ್ಸೆಲ್ ಮಾತ್ರ ಕೆಟ್ಟು ಉಳಿದದ್ದೆಲ್ಲ ಸರಿ ಬರುತ್ತಿತ್ತು (ಸಿಬಿಸಿಯಲ್ಲಿ ಬಿಚ್ಚುವಾಗ ಐವಿ ಬೇಕಾಗುವುದು ಮೊದಲ ಬ್ಲಾಕ್‌ಗೆ ಮಾತ್ರ). ಮೂಲೆಯಲ್ಲಿ ಸಣ್ಣ ಕಲೆ. ಅದನ್ನು ಹೋಗಲಾಡಿಸಲು ಅರ್ಜೆಂಟಿನಲ್ಲಿ ಐವಿಯನ್ನು ಕೋಡ್‌ನಲ್ಲೇ ಹದಿನಾರು ಸೊನ್ನೆ ಎಂದು ಬರೆದುಬಿಟ್ಟೆ. ಕಲೆ ಹೋಯಿತು. ಸರಿಯಾಯಿತು ಅಂದುಕೊಂಡೆ.

ಮಧ್ಯಾಹ್ನ ಮಾವ ಅದೇ ಡಿಸೈನ್‌ನ ನಡುವೆ ಒಂದು ನಕ್ಷತ್ರ ಸೇರಿಸಿ ಎರಡನೇ ಫೈಲ್ ಉಳಿಸಿದರು. ಸುಮ್ನೆ ಎರಡರ ಪಿಕ್ಸೆಲ್ ಭಾಗ ತೆಗೆದು `cmp` ಮಾಡಿದೆ. ಮೊದಲ ವ್ಯತ್ಯಾಸ 1,34,721ನೇ ಬೈಟ್‌ನಲ್ಲಿ. ಅದಕ್ಕಿಂತ ಮುಂಚಿನ 1,34,720 ಬೈಟ್ ಎರಡರಲ್ಲೂ ಒಂದೇ! ಅದನ್ನು 640ರಿಂದ ಭಾಗಿಸಿ ನೋಡಿ, 210 ಪೂರ್ತಿ ಸಾಲು, ಮತ್ತೆ 320 ಪಿಕ್ಸೆಲ್. ನಕ್ಷತ್ರದ ಮೇಲಿನ ತುದಿ ಇರುವುದು ಆ ಸಾಲಿನಲ್ಲೇ, ಆ ಬ್ಲಾಕ್‌ನಲ್ಲೇ. ಐವಿ ಒಂದೇ, ಕೀ ಒಂದೇ, ಮೊದಲ ಬ್ಲಾಕ್‌ಗಳೂ ಒಂದೇ ಆದರೆ ಸರಪಳಿ ಎರಡರಲ್ಲೂ ಒಂದೇ ದಾರಿ ಹಿಡಿಯುತ್ತದೆ, ಮೊದಲ ಬದಲಾವಣೆ ಸಿಗುವವರೆಗೆ. ಅಲ್ಲಿಂದ ಮುಂದೆ ಪೂರ್ತಿ ಬೇರೆ, ಹಾಗಾಗಿ ನಕ್ಷತ್ರದ ಆಕಾರ ಗೊತ್ತಾಗುವುದಿಲ್ಲ. ಎಲ್ಲಿಂದ ಬದಲಾಯಿತು ಅನ್ನುವುದು ಮಾತ್ರ ಗೊತ್ತಾಗುತ್ತದೆ.

ಇಷ್ಟು ತಾನೇ, ಚಿತ್ರ ಕಾಣುವುದಿಲ್ಲವಲ್ಲ ಎಂದು ಇದನ್ನು ಹಗುರವಾಗಿ ತೆಗೆದುಕೊಂಡೆ.

ಭಾನುವಾರ ಸಂಜೆ: ಸಿಟಿಆರ್, ಮತ್ತು ಇಸಿಬಿಗಿಂತ ಕೆಟ್ಟದ್ದು

ಸಿಟಿಆರ್ ಎಂಬ ಮೂರನೇ ವಿಧಾನ ನನಗೆ ಇಷ್ಟವಾದದ್ದು ಅದರ ಸರಳತೆಗೆ. ಇಲ್ಲಿ ಚಿತ್ರ ಎಇಎಸ್ ಒಳಗೆ ಹೋಗುವುದೇ ಇಲ್ಲ. ಒಳಗೆ ಹೋಗುವುದು ಒಂದು ಎಣಿಕೆ: 0, 1, 2, ಹೀಗೆ. ಹೊರಬಂದದ್ದನ್ನು ಚಿತ್ರದ ಜೊತೆ ಎಕ್ಸಾರ್ ಮಾಡುವುದು ಅಷ್ಟೆ. ಸೊನ್ನೆ ಕೀಯಲ್ಲಿ ಮೊದಲ ಎರಡು:

```
0 -> 66e94bd4ef8a2c3b884cfa59ca342b2e
1 -> 58e2fccefa7e3061367f1d57a4e7455a
```

ಒಳಗೆ ಒಂದೇ ಬಿಟ್ ಬದಲಾಗಿದೆ, ಹೊರಗೆ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಬಿಳಿಯ ಪಕ್ಕ ಬಿಳಿ ಇದ್ದರೂ ಒಂದಕ್ಕೆ ಸೇರುವುದು ಮೇಲಿನದು, ಇನ್ನೊಂದಕ್ಕೆ ಕೆಳಗಿನದು. ಎಣಿಕೆ ಮತ್ತೆ ಬರುವವರೆಗೆ ಮಾದರಿಯೂ ಮತ್ತೆ ಬರುವುದಿಲ್ಲ. `-aes-128-ctr` ಹಾಕಿ ಎಣಿಸಿದೆ, ಇಲ್ಲೂ 19,200ಕ್ಕೆ 19,200. ಚಿತ್ರ ಬರೀ ಚುಕ್ಕೆ. ಕಣ್ಣಲ್ಲಿ ನೋಡಿದರೆ ಸಿಬಿಸಿಗೂ ಇದಕ್ಕೂ ವ್ಯತ್ಯಾಸ ಹೇಳಲು ಸಾಧ್ಯವೇ ಇಲ್ಲ.

ಆ್ಯಪ್‌ನಲ್ಲಿ ಬದಲಿಸಿದೆ. ಹದಿನಾರು ಸೊನ್ನೆಯ ಐವಿ ಸಾಲು ಹಾಗೇ ಉಳಿದಿತ್ತು. ಅಂದರೆ ಪ್ರತಿ ಫೈಲ್‌ನ ಎಣಿಕೆಯೂ 0ಯಿಂದಲೇ ಶುರು, ಪ್ರತಿ ಫೈಲ್‌ಗೂ ಸೇರುವ ಬೈಟ್‌ಗಳು ಅವವೇ. ನಕ್ಷತ್ರ ಇಲ್ಲದ ಫೈಲ್, ಇರುವ ಫೈಲ್, ಎರಡನ್ನೂ ತಗೊಂಡು ಇದನ್ನು ಓಡಿಸಿದೆ:

```python
a = open("b1.ctr", "rb").read()
b = open("b2.ctr", "rb").read()
x = bytes(p ^ q for p, q in zip(a, b))
open("x.pgm", "wb").write(open("h", "rb").read() + x)
```

ಕೀ ಎಲ್ಲೂ ಇಲ್ಲ, ಗಮನಿಸಿ. ತೆರೆದರೆ ಕಪ್ಪು ಹಾಳೆಯ ಮೇಲೆ ಬಿಳಿ ನಕ್ಷತ್ರ. ಪಟ್ಟೆ ಇಲ್ಲ, 16 ಪಿಕ್ಸೆಲ್‌ನ ಒರಟುತನ ಇಲ್ಲ, ಪ್ರತಿ ಪಿಕ್ಸೆಲ್ ಸ್ಪಷ್ಟ. ಎರಡಕ್ಕೂ ಸೇರಿದ ಬೈಟ್ ಒಂದೇ ಆದ್ದರಿಂದ ಎಕ್ಸಾರ್‌ನಲ್ಲಿ ಅದು ಹೊಡೆದುಹೋಗಿ, ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಮಾತ್ರ ಉಳಿಯಿತು.

ಆಮೇಲೆ ನೆನಪಾಯಿತು, "ಹೊಸ ಡಿಸೈನ್" ಒತ್ತಿದ ತಕ್ಷಣ ನನ್ನ ಆ್ಯಪ್ ಒಂದು ಖಾಲಿ ಫೈಲ್ ಉಳಿಸಿಕೊಳ್ಳುತ್ತದೆ. ಪೂರ್ತಿ ಬಿಳಿ ಹಾಳೆ. ಅದು ಕೂಡ ಎನ್‌ಕ್ರಿಪ್ಟ್ ಆಗಿ ಅದೇ ಪೆನ್‌ಡ್ರೈವ್‌ಗೆ ಹೋಗುತ್ತದೆ. `b2` ಜಾಗದಲ್ಲಿ ಆ ಖಾಲಿ ಫೈಲ್ ಇಟ್ಟು ಓಡಿಸಿದೆ. ಇಡೀ ಜೇಬು ಬಂತು, ಕಪ್ಪುಬಿಳುಪು ಅದಲುಬದಲಾಗಿ. ಹೊಲಿಗೆ ಹಾಕುವವನ ಮುಂದೆ ಇಟ್ಟರೆ ನೇರ ಹೊಲಿಯಬಹುದು ಅಷ್ಟು ಚೆನ್ನಾಗಿ. ಇಸಿಬಿಯಲ್ಲಿ ಕಮಾನಿನ ಬಳುಕು ಸ್ವಲ್ಪ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು, ಇಲ್ಲಿ ಅದೂ ಇಲ್ಲ.

ಇಸಿಬಿಯದನ್ನೂ ಇದನ್ನೂ ಪ್ರಿಂಟ್ ತೆಗೆದು ಮಾವನ ಕೈಗೆ ಕೊಟ್ಟೆ. ಎರಡೂ ಹಾಳೆ ಪಕ್ಕಪಕ್ಕ ಹಿಡಿದು, "ಇದು ರಿಪೇರಿ ಮಾಡಿದ್ಮೇಲೆ ಬಂದದ್ದಾ?" ಅಂದರು. ಹೌದು ಮಾವ ಎಂದೆ. "ಮೊದಲೇ ಚಲೋ ಇತ್ತಲ್ಲೋ ಹಂಗಾದ್ರೆ" ಅಂದು ಚಹಾ ತರಿಸಲು ಎದ್ದು ಹೋದರು.

ಭಾನುವಾರ ರಾತ್ರಿ: ಕೊನೆಗೆ ಹಾಕಿದ್ದು

ಎರಡು ತಪ್ಪಿನ ಬೇರೂ ಒಂದೇ, ಐವಿಯನ್ನು ನಾನೇ ಮಾಡಲು ಹೋದದ್ದು. ಹಾಗಾಗಿ ಆ ಕೆಲಸವನ್ನೇ ನನ್ನ ಕೈಯಿಂದ ತೆಗೆದೆ. ಜಿಸಿಎಂ ಒಳಗೆ ಸಿಟಿಆರ್ ಥರದ ಎಣಿಕೆಯೇ ಇದೆ, ಜೊತೆಗೆ ಕೊನೆಯಲ್ಲಿ 16 ಬೈಟ್‌ನ ಒಂದು ಮುದ್ರೆ. ಸಿಬಿಸಿ, ಸಿಟಿಆರ್ ಎರಡಕ್ಕೂ ಆ ಮುದ್ರೆ ಇಲ್ಲ. ಸಿಟಿಆರ್ ಫೈಲ್‌ನಲ್ಲಿ ಒಂದು ಬೈಟ್ ಯಾರಾದರೂ ತಿದ್ದಿದರೆ ಸರಿಯಾಗಿ ಆ ಒಂದು ಪಿಕ್ಸೆಲ್ ಬದಲಾಗುತ್ತದೆ, ತೆರೆಯುವವರಿಗೆ ಗೊತ್ತೇ ಆಗುವುದಿಲ್ಲ.

```java
Cipher c = Cipher.getInstance("AES/GCM/NoPadding");
c.init(Cipher.ENCRYPT_MODE, key);
out.write(c.getIV());
out.write(c.doFinal(pixels));
```

`init`ಗೆ ಐವಿ ಕೊಡದಿದ್ದರೆ ತಾನೇ 12 ಬೈಟ್‌ನ ಹೊಸದೊಂದನ್ನು ಮಾಡಿಕೊಳ್ಳುತ್ತದೆ. `getIV`ನಿಂದ ತೆಗೆದು ಫೈಲ್‌ನ ಮುಂದೆ ಬರೆದೆ. ಐವಿ ಗುಟ್ಟಲ್ಲ, ಯಾರು ಬೇಕಾದರೂ ನೋಡಲಿ, ಅದೇ ಕೀ ಜೊತೆ ಎರಡನೇ ಸಲ ಬರಬಾರದು ಅಷ್ಟೆ. ಫೈಲ್ ಈಗ 28 ಬೈಟ್ ಜಾಸ್ತಿ: 12 ಐವಿ, 16 ಮುದ್ರೆ. ನಮ್ಮ 8 ಬೈಟ್ ತಲೆ ಸೇರಿ 3,07,236. ಟ್ಯಾಬ್ಲೆಟ್‌ನಲ್ಲಿ ಉಳಿಸುವುದು ನಿಧಾನವಾದ ಹಾಗೇನೂ ಕಾಣಲಿಲ್ಲ.

ಪರೀಕ್ಷೆ ಮೂರು ಮಾಡಿದೆ. ಒಂದೇ ಫೈಲ್‌ನೊಳಗೆ ಎರಡನೇ ಸಲ ಬಂದ ಬ್ಲಾಕ್ ಎಣಿಸಿದರೆ ಸೊನ್ನೆ. ಒಂದೇ ಡಿಸೈನ್ ಎರಡು ಸಲ ಉಳಿಸಿ `cmp` ಮಾಡಿದರೆ ಐವಿಯಿಂದಲೇ ಬೇರೆ. ಖಾಲಿ ಫೈಲ್ ಜೊತೆ ಎಕ್ಸಾರ್ ಮಾಡಿದರೆ ಬರೀ ಚುಕ್ಕೆ. ಶನಿವಾರ ಮೊದಲನೆಯದನ್ನೂ ಮಾಡದೆ ಫೋನ್ ಮಾಡಿದ್ದೆ, ಭಾನುವಾರ ಮಧ್ಯಾಹ್ನ ಮೂರನೆಯದು ತಲೆಗೇ ಬಂದಿರಲಿಲ್ಲ.

ಖಾಲಿ ಫೈಲ್ ಉಳಿಸುವುದನ್ನೂ ತೆಗೆದುಹಾಕಿದೆ, ಹೇಗೂ ಅದರಿಂದ ಪ್ರಯೋಜನ ಇರಲಿಲ್ಲ. ಮಾವನ ಹತ್ತಿರ ಇದ್ದ 43 ಹಳೇ ಫೈಲ್‌ಗಳನ್ನು ಹೊಸ ಕೀ ಹಾಕಿ ಮತ್ತೆ ಬರೆದು ಹೊಸ ಪೆನ್‌ಡ್ರೈವ್‌ಗೆ ಹಾಕಿದೆ, ಹಳೆಯದನ್ನು ಅಳಿಸಿದೆ. ಎಂಬ್ರಾಯ್ಡರಿಯವರ ಕಂಪ್ಯೂಟರ್‌ನಲ್ಲಿ 11 ಇಸಿಬಿ ಫೈಲ್ ಇವೆ. ಅದರಲ್ಲಿ ಒಂಬತ್ತು ಈಗಾಗಲೇ ಅಂಗಡಿಯಲ್ಲಿ ಮಾರಾಟವಾಗುತ್ತಿರುವ ಜೇಬು. ಉಳಿದ ಎರಡು ದೀಪಾವಳಿಗೆ ಇಟ್ಟದ್ದು, ಅವುಗಳ ಕಮಾನನ್ನು ಕಟಿಂಗ್ ಮಾಸ್ಟರ್ ಜೊತೆ ಕೂತು ಮಾವ ಈ ವಾರ ಬೇರೆ ಬರೆಯುತ್ತಿದ್ದಾರೆ.